ಅಡ್ವರ್ಟೈಸಿಂಗ್ ಐಡಿ ಅಳಿಸಿದರೂ ಮದುವೆ ಜಾಹೀರಾತು ಯಾಕೆ ಬರುತ್ತದೆ

ಪ್ರಶ್ನೆ: ನಿಶ್ಚಿತಾರ್ಥ ಆಗಿ ಮದುವೆ ಮುರಿದುಬಿತ್ತು. ಫೋನ್ ತೆಗೆದರೆ ಒಡವೆ, ರೇಷ್ಮೆ ಸೀರೆ, ಛತ್ರದ ಜಾಹೀರಾತೇ. ಅಡ್ವರ್ಟೈಸಿಂಗ್ ಐಡಿ ರೀಸೆಟ್ ಮಾಡಲಾ, ಪರ್ಸನಲೈಸ್ಡ್ ಆಡ್ಸ್ ಆಫ್ ಮಾಡಲಾ? ಯಾವುದು ಮಾಡಿದರೆ ಇದು ನಿಲ್ಲುತ್ತೆ?

ನನ್ನ ಮದುವೆ ನಿಂತಾಗ ನಾನು ಎರಡನ್ನೂ ಮಾಡಿದೆ. ಜಾಹೀರಾತು ನಿಲ್ಲಲಿಲ್ಲ. ಆ ಗುಂಡಿಗಳು ಕೆಲಸ ಮಾಡಲಿಲ್ಲ ಅಂತಲ್ಲ. ಅವುಗಳ ಕೈಗೆ ಸಿಗದ ಕಡೆಯಲ್ಲಿ ನನ್ನ ಮದುವೆಯ ವಿವರ ಕೂತಿತ್ತು, ಅದು ನನಗೆ ಹೊಳೆಯಲಿಲ್ಲ. ‘ಯಾವ ಗುಂಡಿ ಒತ್ತಲಿ’ ಅನ್ನುವುದಕ್ಕಿಂತ ಮೊದಲು, ನಿಮ್ಮ ಮೊಬೈಲ್ ನಂಬರನ್ನು ಮದುವೆ ಓಡಾಟದಲ್ಲಿ ಎಲ್ಲೆಲ್ಲಿ ಕೊಟ್ಟಿದ್ದೀರಿ ಅಂತ ನೆನಪು ಮಾಡಿಕೊಳ್ಳಿ.

ಮದುವೆ ಗೊತ್ತಾದ ವಾರವೇ ನಾನು ಒಂದು ಮದುವೆ ತಯಾರಿಯ ಆಪ್ ಹಾಕಿಕೊಂಡಿದ್ದೆ. ಮುಹೂರ್ತದ ದಿನ, ಛತ್ರ, ಊಟದ ಲೆಕ್ಕ, ಕರೆಯಬೇಕಾದವರ ಪಟ್ಟಿ, ಎಲ್ಲ ಅದರಲ್ಲೇ. ಲಾಗಿನ್ ಮೊಬೈಲ್ ನಂಬರ್ ಮತ್ತು ಓಟಿಪಿ. ಸಂಬಂಧ ಮುರಿದ ಮೇಲೆ ಒಂದು ರಾತ್ರಿ ಕೂತು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ `Reset advertising ID` ಒತ್ತಿದೆ. ಕೆಳಗೆ ಕಾಣುತ್ತಿದ್ದ ಉದ್ದನೆಯ ಸಂಖ್ಯೆ ಕಣ್ಣೆದುರೇ ಬದಲಾಯಿತು. ಹಳೆಯದೆಲ್ಲ ಹೋಯಿತು ಅಂದುಕೊಂಡೆ. ಆಪನ್ನು ಮಾತ್ರ ತೆಗೆಯಲಿಲ್ಲ. ಛತ್ರದವರಿಗೆ, ಅಡುಗೆಯವರಿಗೆ ಕೊಟ್ಟ ಅಡ್ವಾನ್ಸ್ ವಾಪಸ್ ಬರಬೇಕಿತ್ತು, ಆ ಲೆಕ್ಕ ಅದರಲ್ಲೇ ಇತ್ತು. ಮರುದಿನ ಬೆಳಗ್ಗೆ ಲೆಕ್ಕ ನೋಡಲು ಅದನ್ನು ತೆರೆದೆ.

ನನಗೆ ಮುಳುವಾಗಿದ್ದು ಅದೇ. ಅಲ್ಲಿ ಏನಾಯಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಅಡ್ವರ್ಟೈಸಿಂಗ್ ಐಡಿ ಅನ್ನುವುದು ಆಂಡ್ರಾಯ್ಡ್ ಫೋನಿನಲ್ಲಿರುವ, ಅಡ್ಡಗೆರೆಗಳೂ ಸೇರಿ 36 ಅಕ್ಷರದ ಒಂದು ಗುರುತು. ನಿಮ್ಮ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಶಕ್ತಿ ಇರುವುದು ಒಂದೇ ಸಂಗತಿಯಲ್ಲಿ: ಫೋನಿನ ಎಲ್ಲ ಆಪ್‌ಗಳಿಗೂ ಅದೇ ಗುರುತು ಸಿಗುತ್ತದೆ. ಹಾಗಾಗಿ ಸೀರೆಯ ಆಪ್ ಒಂದು ಕಡೆ ಕಂಡದ್ದನ್ನೂ ಆಟದ ಆಪ್ ಇನ್ನೊಂದು ಕಡೆ ಕಂಡದ್ದನ್ನೂ ‘ಇದು ಒಂದೇ ಫೋನು’ ಅಂತ ಜಾಹೀರಾತು ಜಾಲ ಹೊಂದಿಸಿಬಿಡುತ್ತದೆ. ರೀಸೆಟ್ ಮಾಡಿದಾಗ ಗುರುತು ಬದಲಾಗುತ್ತದೆ, ಹಳೆಯ ಸಂಖ್ಯೆಯ ಹೆಸರಿನಲ್ಲಿ ಕೂಡಿಟ್ಟದ್ದು ವಾರಸುದಾರರಿಲ್ಲದೆ ಬೀಳುತ್ತದೆ. ಆದರೆ ನಾನು ಲಾಗಿನ್ ಆಗಿಯೇ ಇದ್ದ ಆಪ್ ತೆರೆದ ಕ್ಷಣ ಅದು ಫೋನಿನಿಂದ ಹೊಸ ಐಡಿಯನ್ನು ಕೇಳಿ ಪಡೆಯಿತು, ತನ್ನ ಸರ್ವರ್‌ಗೆ ಕಳಿಸಿತು, ಅಲ್ಲಿ ನನ್ನ ಖಾತೆಯ ಎದುರು ಬರೆದುಕೊಂಡಿತು. ಹಳೆಯ ಐಡಿ ಆ ಸಾಲಿನಲ್ಲಿ ಮೊದಲೇ ಇತ್ತು. ನಾನು ಕಡಿದ ಎಳೆಯನ್ನು ನನ್ನ ಫೋನ್ ನಂಬರೇ ಮತ್ತೆ ಗಂಟು ಹಾಕಿತು.

ಇದು ಊಹೆಯಲ್ಲ. ಕೊನೆಗೆ ಖಾತೆ ಮುಚ್ಚುವಾಗ ನನ್ನ ಮಾಹಿತಿಯ ಪ್ರತಿ ಕೊಡಿ ಅಂತ ಕೇಳಿದ್ದೆ. ಬಂದ ಫೈಲಿನಲ್ಲಿ ಮೊದಲು ನನ್ನ ನಂಬರ್, ಅದರ ಕೆಳಗೆ ಮುಹೂರ್ತದ ತಾರೀಕು, ಅದರ ಕೆಳಗೆ ಹಳೆಯದೂ ಹೊಸದೂ ಎರಡೂ ಐಡಿ ಒಂದರ ಹಿಂದೆ ಒಂದು.

ಹೀಗೆ ಜೋಡಿಸಬಾರದು ಅಂತ ಗೂಗಲ್ ಪ್ಲೇ ನಿಯಮವಿದೆ. ರೀಸೆಟ್ ಆದ ಹೊಸ ಐಡಿಯನ್ನು ಹಳೆಯದಕ್ಕೆ ಸೇರಿಸಬೇಕಾದರೆ ಬಳಸುವವರ ಸ್ಪಷ್ಟ ಒಪ್ಪಿಗೆ ಬೇಕು. ಆದರೆ ಅದು ಆಪ್ ಮಾಡುವವರು ಪಾಲಿಸಬೇಕಾದ ನಿಯಮ. ಜೋಡಣೆ ನಡೆಯುವುದು ಅವರ ಸರ್ವರ್‌ನಲ್ಲಿ, ನಿಮ್ಮ ಫೋನು ಅದನ್ನು ತಡೆಯಲಾರದು.

ಆಪ್‌ಗೆ ನನ್ನ ಮುಹೂರ್ತ ಗೊತ್ತಿತ್ತು, ಮುರಿದದ್ದು ಗೊತ್ತಿರಲಿಲ್ಲ. ದಿನ ಹತ್ತಿರ ಬಂದಂತೆ ಜಾಹೀರಾತು ಹೆಚ್ಚಾಯಿತು: ಮೊದಲು ಒಡವೆ, ಆಮೇಲೆ ಮೆಹೆಂದಿ, ಆ ವಾರ ಬರೀ ಮದುಮಗಳ ಮೇಕಪ್. ಅಮ್ಮ ಯಾರಿಗೋ ಫೋನ್ ಮಾಡಲು ನನ್ನ ಮೊಬೈಲ್ ತೆಗೆದುಕೊಂಡು, ತೆರೆಯ ಮೇಲೆ ಅದನ್ನು ನೋಡಿ, ಫೋನ್ ಮಾಡದೆಯೇ ವಾಪಸ್ ಕೊಟ್ಟರು. ‘ರೀಸೆಟ್ ಆಯಿತಲ್ಲ’ ಅಂತ ನಾನು ಸುಮ್ಮನೆ ಕೂರದೇ ಹೋಗಿದ್ದರೆ ಆ ವಾರಗಳು ಇಬ್ಬರಿಗೂ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆದ್ದರಿಂದ ನೀವು ಮಾಡುವ ಕ್ರಮ ಹೀಗಿರಲಿ. ಆಪ್‌ನಲ್ಲಿರುವ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಆಪ್ ಒಳಗೇ ಹೋಗಿ ಖಾತೆ ಅಳಿಸಿ. ಖಾತೆ ತೆರೆಯಲು ಬಿಡುವ ಆಪ್‌ಗಳು ಅಳಿಸುವ ದಾರಿಯನ್ನೂ ಕೊಡಬೇಕು ಅನ್ನುವುದು ಈಗ ಪ್ಲೇ ಸ್ಟೋರ್ ನಿಯಮ, ಆಪ್‌ನ ಪುಟದಲ್ಲಿ ‘ಡೇಟಾ ಸೇಫ್ಟಿ’ ಭಾಗದಲ್ಲೂ ಅದರ ಲಿಂಕ್ ಹುಡುಕಬಹುದು. ಬರೀ ಅನ್‌ಇನ್‌ಸ್ಟಾಲ್ ಮಾಡಿದರೆ ಫೋನಿನಿಂದ ಆಪ್ ಹೋಗುತ್ತದೆ, ಅವರ ಹತ್ತಿರ ನಿಮ್ಮ ನಂಬರೂ ಮುಹೂರ್ತವೂ ಹಾಗೇ ಉಳಿಯುತ್ತವೆ. ಮ್ಯಾಟ್ರಿಮೊನಿ ಖಾತೆಯಿದ್ದರೆ ಅದಕ್ಕೂ ಇದೇ. ಇಷ್ಟಾದ ಮೇಲೆ ಐಡಿಗೆ ಕೈ ಹಾಕಿ.

ಅಲ್ಲಿಯೂ ರೀಸೆಟ್ ಬೇಡ, ಅಳಿಸಿಯೇ ಬಿಡಿ. Settings ಒಳಗೆ Google, ಅದರೊಳಗೆ Ads. ಫೋನಿನಿಂದ ಫೋನಿಗೆ ಜಾಗ ಬೇರೆ ಇರುತ್ತದೆ, ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ Ads ಅಂತ ಹೊಡೆಯಿರಿ. ಅಲ್ಲಿ `Delete advertising ID` ಇದೆ. ರೀಸೆಟ್ ಮಾಡಿದರೆ ಆಪ್‌ಗಳಿಗೆ ಇನ್ನೊಂದು ಹೊಸ ಗುರುತು ಸಿಗುತ್ತದೆ, ಅದರ ಮೇಲೆ ಮತ್ತೆ ಕೂಡಿಡಬಹುದು. ಅಳಿಸಿದರೆ ಕೇಳಿದ ಆಪ್‌ಗಳಿಗೆಲ್ಲ ಸಿಗುವುದು ಇದು:

```
00000000-0000-0000-0000-000000000000
```

ಅಳಿಸಿದ ಎಲ್ಲರ ಫೋನಿನಿಂದಲೂ ಇದೇ ಸೊನ್ನೆಗಳು ಹೋಗುವುದರಿಂದ, ಇದನ್ನು ಹಿಡಿದು ನಿಮ್ಮನ್ನು ಗುರುತಿಸುವಂತಿಲ್ಲ. ಆಂಡ್ರಾಯ್ಡ್ 12ರ ಹೊತ್ತಿಗೆ ಬಂದ ಬದಲಾವಣೆ ಇದು. ಅದಕ್ಕೆ ಮೊದಲು ‘ಬೇಡ’ ಅಂದರೂ ಐಡಿ ಆಪ್‌ಗೆ ಸಿಗುತ್ತಲೇ ಇತ್ತು, ಜೊತೆಗೆ ‘ಇವರು ಬೇಡ ಅಂದಿದ್ದಾರೆ’ ಅನ್ನುವ ಒಂದು ಗುರುತು ಹೋಗುತ್ತಿತ್ತು, ಅಷ್ಟೇ. ಕೆಲಸ ಆಗಿದೆಯಾ ನೋಡಲು ಅದೇ ಪುಟಕ್ಕೆ ಮತ್ತೆ ಹೋಗಿ: ಸಂಖ್ಯೆ ಮಾಯವಾಗಿ `Get new advertising ID` ಅಂತಿರಬೇಕು. ಅದನ್ನು ಒತ್ತಬೇಡಿ. ಐಫೋನ್ ಆದರೆ Settings, Privacy & Security, Tracking ಒಳಗೆ `Allow Apps to Request to Track` ಆಫ್ ಮಾಡಿದರೆ ಅಲ್ಲೂ ಸೊನ್ನೆಗಳೇ.

ಪರ್ಸನಲೈಸ್ಡ್ ಆಡ್ಸ್ ಆಫ್ ಮಾಡುವುದು ಬೇರೆಯೇ ವಿಷಯ. ಅದು myadcenter.google.com ನಲ್ಲಿ ಇದೆ, ಫೋನಿಗಲ್ಲ, ನಿಮ್ಮ ಗೂಗಲ್ ಖಾತೆಗೆ ಅಂಟಿದ್ದು. ಆಫ್ ಮಾಡಿದರೆ ಗೂಗಲ್ ತನ್ನ ಜಾಹೀರಾತು ಆರಿಸುವಾಗ ನಿಮ್ಮ ಖಾತೆಯ ಹಳೆಯ ಹುಡುಕಾಟ, ನೋಡಿದ ವಿಡಿಯೊಗಳನ್ನು ಬಳಸುವುದಿಲ್ಲ. ಮಾಡಿ, ಖಂಡಿತ ಮಾಡಿ. ಆದರೆ ಜಾಹೀರಾತಿನ ಸಂಖ್ಯೆ ಇದರಿಂದ ಕಡಿಮೆಯಾಗದು, ನೀವು ಹುಡುಕಿದ್ದು ದಾಖಲಾಗುವುದೂ ನಿಲ್ಲದು. ಆ ದಾಖಲೆ ಅಳಿಸಲು myactivity.google.com ಗೆ ಬೇರೆಯಾಗಿ ಹೋಗಬೇಕು. ಆ ಹೊತ್ತಿಗೆ ನೋಡುತ್ತಿರುವುದಕ್ಕೆ ತಕ್ಕ ಜಾಹೀರಾತೂ ಬರುತ್ತದೆ. ಸೀರೆ ಉಡಿಸುವ ವಿಡಿಯೊ ನೋಡಿದರೆ ಸೀರೆ ಅಂಗಡಿ ಕಾಣುತ್ತದೆ, ಅದಕ್ಕೆ ನೀವು ಯಾರು ಅಂತ ಗೊತ್ತಿರಬೇಕಾಗಿಲ್ಲ. ಅಕ್ಷಯ ತೃತೀಯದ ಹೊತ್ತಿಗೆ ಕರ್ನಾಟಕದಲ್ಲಿ ಎಲ್ಲರ ಫೋನಿನಲ್ಲೂ ಚಿನ್ನವೇ. ಅದನ್ನು ನೋಡಿ ‘ಇನ್ನೂ ನನ್ನ ಬೆನ್ನು ಬಿದ್ದಿದ್ದಾರೆ’ ಅಂತ ನೋಯಬೇಡಿ.

ಇನ್ನೊಂದು ತಪ್ಪು ತಿಳಿವಳಿಕೆ: ಕ್ರೋಮ್‌ನಲ್ಲಿ ತೆರೆದ ವೆಬ್‌ಸೈಟ್‌ಗಳಿಗೆ ಈ ಅಡ್ವರ್ಟೈಸಿಂಗ್ ಐಡಿ ಕಾಣುವುದೇ ಇಲ್ಲ. ಅಲ್ಲಿ ಹಿಂಬಾಲಿಸುವುದು ಮುಖ್ಯವಾಗಿ ಕುಕೀಗಳು, ಅಂದರೆ ವೆಬ್‌ಸೈಟ್‌ಗಳು ಬ್ರೌಸರ್‌ನಲ್ಲಿ ಬಿಟ್ಟುಹೋಗುವ ಪುಟ್ಟ ಗುರುತುಗಳು. ಛತ್ರ, ಒಡವೆ ಹುಡುಕಿದ್ದು ಬ್ರೌಸರ್‌ನಲ್ಲಾದರೆ, ಫೋನ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಕುಕೀ ಅಳಿಸಿ. ಹಾಗೇ ಮನೆಯಲ್ಲಿ ಅಮ್ಮನೋ ಅಕ್ಕನೋ ನಿಮ್ಮ ಮದುವೆಗೆ ಅಂತ ಹುಡುಕಿದ್ದರೆ, ಅವರ ಫೋನಿಗೆ ಅದರದೇ ಐಡಿ, ಅದರದೇ ಖಾತೆ. ನಿಮ್ಮ ಫೋನಿನಲ್ಲಿ ಮಾಡಿದ್ದು ಅಲ್ಲಿಗೆ ತಲುಪುವುದಿಲ್ಲ. ನಾನು ಅಮ್ಮನ ಫೋನನ್ನು ಮರೆತೇ ಬಿಟ್ಟಿದ್ದೆ.

ಈಗ ನಂಬರ್ ವಿಷಯಕ್ಕೆ ಬರುತ್ತೇನೆ, ಹೆಚ್ಚು ಕಾಡುವುದು ಇದೇ. ಒಡವೆ ಅಂಗಡಿಯ ಬಿಲ್ಲಿನಲ್ಲಿ ನಂಬರ್ ಕೊಟ್ಟಿರುತ್ತೀರಿ. ಮದುವೆ ಎಕ್ಸ್‌ಪೋದಲ್ಲಿ ಲಕ್ಕಿ ಡ್ರಾ ಚೀಟಿಗೆ ಹೆಸರು, ನಂಬರ್, ಮದುವೆ ತಾರೀಕು ಬರೆದುಕೊಟ್ಟಿರುತ್ತೀರಿ. ಅಂಗಡಿಯವರು ಆ ಪಟ್ಟಿಯನ್ನು ಸೋಶಿಯಲ್ ಮೀಡಿಯಾದ ಜಾಹೀರಾತು ವ್ಯವಸ್ಥೆಗೆ ಏರಿಸಬಹುದು. ನಂಬರ್‌ಗಳನ್ನು ಹ್ಯಾಶ್ ಮಾಡಿ, ಅಂದರೆ ಓದಲಾಗದ ಸಂಕೇತವಾಗಿ ತಿರುಗಿಸಿ ಕಳಿಸುತ್ತಾರೆ. ಆದರೆ ಅತ್ತ ಕಡೆಯೂ ನೀವು ಖಾತೆ ತೆರೆದಾಗ ಕೊಟ್ಟ ಅದೇ ನಂಬರನ್ನು ಅದೇ ರೀತಿ ತಿರುಗಿಸಿದರೆ ಅದೇ ಸಂಕೇತ ಬರುತ್ತದೆ. ಎರಡೂ ಹೊಂದಿದರೆ ಜಾಹೀರಾತು ನಿಮಗೆ. ಇದರಲ್ಲಿ ಅಡ್ವರ್ಟೈಸಿಂಗ್ ಐಡಿಗೆ ಪಾತ್ರವೇ ಇಲ್ಲ.

ಪತ್ತೆ ಮಾಡುವುದು ಸುಲಭ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿನ ಮೂರು ಚುಕ್ಕಿ ಒತ್ತಿ, ಯಾಕೆ ಈ ಜಾಹೀರಾತು ಕಾಣುತ್ತಿದೆ ಅನ್ನುವುದನ್ನು ತೆರೆಯಿರಿ. ನನಗೆ ಒಂದು ಒಡವೆ ಅಂಗಡಿಯ ಜಾಹೀರಾತಿನ ಕೆಳಗೆ, ಅವರ ಪಟ್ಟಿಯಲ್ಲಿ ನೀವಿದ್ದೀರಿ ಅನ್ನುವ ಕಾರಣ ಸಿಕ್ಕಿತು. ಮಾಂಗಲ್ಯ ಸರ ನೋಡಲು ಹೋಗಿದ್ದ ಅಂಗಡಿಯೇ ಅದು. ಕಾರಣ ‘ಪಟ್ಟಿ’ ಅಂತಿದ್ದರೆ ಅಲ್ಲಿಯೇ ಆ ಅಂಗಡಿಯ ಜಾಹೀರಾತು ಮರೆಮಾಡಿ, ಆಮೇಲೆ ಅಂಗಡಿಗೇ ಫೋನ್ ಮಾಡಿ. ಮದುವೆ ಯಾಕೆ ನಿಂತಿತು ಅಂತ ಯಾರಿಗೂ ವಿವರಿಸಬೇಕಿಲ್ಲ. ‘ನನ್ನ ನಂಬರನ್ನು ನಿಮ್ಮ ಪ್ರಚಾರದ ಪಟ್ಟಿಯಿಂದ ತೆಗೆಯಿರಿ’ ಅಂದರೆ ಸಾಕು. ನಾನು ಕೇಳಿದಾಗ ಕೌಂಟರ್‌ನಲ್ಲಿದ್ದ ಹುಡುಗಿಗೆ ಅರ್ಥವಾಗಲಿಲ್ಲ, ಮ್ಯಾನೇಜರ್‌ಗೆ ಒಂದೇ ಮಾತಿಗೆ ಅರ್ಥವಾಯಿತು. ನೀವು ನೇರ ಮ್ಯಾನೇಜರನ್ನೇ ಕೇಳಿ.

ಎಸ್ಸೆಮ್ಮೆಸ್ ಮತ್ತು ಪ್ರಚಾರದ ಕರೆ ಬರುತ್ತಿದ್ದರೆ 1909ಕ್ಕೆ `START 0` ಅಂತ ಕಳಿಸಿ ಡಿಎನ್‌ಡಿ, ಅಂದರೆ ಪ್ರಚಾರ ತಡೆಯುವ ಪಟ್ಟಿಗೆ ಸೇರಿ, ಮೇಲಿನ ಯಾವ ಗುಂಡಿಯೂ ಅವಕ್ಕೆ ತಾಗುವುದಿಲ್ಲ. ವಾಟ್ಸಾಪ್‌ನಲ್ಲಿ ಬರುವ ಅಂಗಡಿ ಸಂದೇಶಗಳಿಗೆ ಡಿಎನ್‌ಡಿಯೂ ನಡೆಯದು, ಅವನ್ನು ಒಂದೊಂದಾಗಿ ಬ್ಲಾಕ್ ಮಾಡಬೇಕು. ಛತ್ರದವರ ನಂಬರನ್ನು ಮಾತ್ರ ಅಡ್ವಾನ್ಸ್ ಕೈಗೆ ಬರುವವರೆಗೆ ಬ್ಲಾಕ್ ಮಾಡಬೇಡಿ.