ವಿಡಿಯೊ ಕರೆಯಲ್ಲಿ ಅಪ್ಪನ ಮುಖ ಬದಲಾದಂತೆ ಕಂಡರೆ

ಪ್ರಶ್ನೆ: ನಾನು ದುಬೈನಲ್ಲಿದ್ದೇನೆ, ಅಪ್ಪ (74) ದಾವಣಗೆರೆಯಲ್ಲಿದ್ದಾರೆ. ಹೋದ ವರ್ಷದ ಮತ್ತು ಈಗಿನ ವಿಡಿಯೊ ಕರೆಯ ಸ್ಕ್ರೀನ್‌ಶಾಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮುಖ ಕಳೆಗುಂದಿದೆ, ಬೆನ್ನು ಬಾಗಿದೆ. ಅಮ್ಮ “ವಯಸ್ಸಾಯಿತಲ್ಲ” ಎನ್ನುತ್ತಾರೆ. ಯಾವಾಗ ಡಾಕ್ಟರಿಗೆ ತೋರಿಸಬೇಕು?

ಒಂದೇ ವರ್ಷದಲ್ಲಿ ಇಷ್ಟು ಎದ್ದು ಕಾಣುವ ಬದಲಾವಣೆಯನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ಗಾಬರಿಪಡುವ ಅಗತ್ಯವಿಲ್ಲ, ಆದರೆ ಇನ್ನೊಂದೆರಡು ವಾರದೊಳಗೆ ಒಬ್ಬ ಫಿಜಿಷಿಯನ್ ಅವರನ್ನು ನೋಡಲಿ. ನಾನು ಫಿಸಿಯೊಥೆರಪಿಸ್ಟ್, ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಇಂಥದೇ ಸಂಗತಿ ನಮ್ಮ ಮನೆಯಲ್ಲೂ ನಡೆದಿದೆ.

ಒಂದು ಸಂದರ್ಭದಲ್ಲಿ ಮಾತ್ರ ಎರಡು ವಾರವಲ್ಲ, ಎರಡು ನಿಮಿಷವೂ ಕಾಯಬಾರದು. ನಿನ್ನೆ ಸರಿಯಿದ್ದ ಬಾಯಿ ಇಂದು ಒಂದು ಕಡೆಗೆ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ಎರಡೂ ಕೈ ಎತ್ತಲು ಹೇಳಿದಾಗ ಒಂದು ಕೈ ಕೆಳಗೆ ಜಾರಿದರೆ ಪಾರ್ಶ್ವವಾಯು ಎಂದೇ ತಿಳಿದು 108ಕ್ಕೆ ಕರೆ ಮಾಡಲು ಅಮ್ಮನಿಗೆ ಹೇಳಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಗಂಟೆಗಳನ್ನು ಎಣಿಸುವುದು ರೋಗಿಯನ್ನು ಕೊನೆಯ ಬಾರಿ ಸರಿಯಾಗಿ ಕಂಡ ಹೊತ್ತಿನಿಂದ. ಹಿಂದಿನ ಕರೆಯಲ್ಲಿ ಮುಖ ನೆಟ್ಟಗಿತ್ತು ಎಂದಾದರೆ ಆ ಕರೆಯ ಸಮಯವನ್ನು ಆಸ್ಪತ್ರೆಯವರಿಗೆ ತಿಳಿಸಿ. ಅದು ಅವರಿಗೆ ತುಂಬ ಬೇಕಾದ ಮಾಹಿತಿ.

ಈಗ ನಿಧಾನವಾಗಿ ಆಗಿರುವ ಬದಲಾವಣೆಯ ವಿಚಾರ. ಮೊದಲು ಫೋನಿನ ಮೋಸವನ್ನು ಕಳೆಯಿರಿ. ಮಡಿಲಲ್ಲಿಟ್ಟು ಬಗ್ಗಿ ನೋಡುವ ಫೋನಿನಲ್ಲಿ ಯಾರ ಕತ್ತಾದರೂ ಮುಂದೆ ಬಾಗಿ, ಕೆನ್ನೆ ಜೋತಂತೆ ಕಾಣುತ್ತದೆ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಕಣ್ಣಿನ ಗುಳಿಯನ್ನು ಆಳವಾಗಿಸುತ್ತದೆ. ಹಲ್ಲಿನ ಸೆಟ್ ತೆಗೆದಿಟ್ಟಿದ್ದರೆ ಬಾಯಿಯೇ ಬೇರೆ. ಕೆಲವು ಫೋನುಗಳು ಮುಖವನ್ನು ನುಣುಪಾಗಿಸುವುದುಂಟು, ಆಗ ಸುಕ್ಕಿನ ಜೊತೆಗೆ ಭಾವವೂ ಅಳಿಸಿಹೋದಂತೆ ತೋರುತ್ತದೆ. ಆದ್ದರಿಂದ ಒಂದೆರಡು ಕರೆಗಳನ್ನು ಹಗಲು ಬೆಳಕಿನಲ್ಲಿ, ಅದೇ ಕುರ್ಚಿಯಲ್ಲಿ ಕೂರಿಸಿ, ಫೋನನ್ನು ಮೇಜಿನ ಮೇಲೆ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ ಮಾಡಿಸಿ. ಇನ್ನೊಂದು ಮಾತು, ಸ್ಕ್ರೀನ್‌ಶಾಟ್ ಆಕಾರವನ್ನು ಹೇಳುತ್ತದೆ, ಚಲನೆಯನ್ನು ಹೇಳುವುದಿಲ್ಲ. ಮೈ ಇಳಿದಿದೆಯೇ, ಕಣ್ಣಿನ ಸುತ್ತ ಊದಿದೆಯೇ, ಭುಜ ಬಾಗಿದೆಯೇ ಎಂಬುದಕ್ಕೆ ಅದು ಸಾಕು. ಮುಖ ಕಳೆಗುಂದಿದೆ ಎನ್ನಬೇಕಾದರೆ ವಿಡಿಯೊವನ್ನೇ ನೋಡಬೇಕು. ಮೊಮ್ಮಗಳು ಏನಾದರೂ ತಮಾಷೆ ಮಾಡಿದಾಗ ಅಪ್ಪನ ಮುಖದಲ್ಲಿ ನಗು ಎಷ್ಟು ಬೇಗ ಬರುತ್ತದೆ, ಸುಮ್ಮನೆ ಕೇಳಿಸಿಕೊಳ್ಳುವಾಗ ರೆಪ್ಪೆ ಎಷ್ಟು ಸಲ ಬಡಿಯುತ್ತದೆ, ತುಟಿ ಅರೆತೆರೆದೇ ಇರುತ್ತದೆಯೇ ಎಂದು ಗಮನಿಸಿ.

ಶಿರಸಿಯಲ್ಲಿರುವ ನನ್ನ ಅತ್ತೆಯವರಲ್ಲಿ ನಾನು ಕಂಡದ್ದು ಇದನ್ನೇ. ಯುಗಾದಿಯ ಚಿತ್ರದಲ್ಲಿ ಅವರು ಬಾಯಿ ತುಂಬ ನಗುತ್ತಿದ್ದರು. ದೀಪಾವಳಿಯ ಹೊತ್ತಿಗೆ ಕತ್ತು ಮುಂದೆ ಬಂದಿತ್ತು, ಎರಡೂ ಕೈ ಮಡಿಲಲ್ಲೇ ಉಳಿಯುತ್ತಿದ್ದವು, ಮಾತು ಸಣ್ಣಗಾಗಿತ್ತು. ಮಾತನಾಡುವಾಗ ಕೈ ಆಡಿಸದೆ ಕೂರುವ ಹೆಂಗಸಲ್ಲ ಅವರು. ಕೋಪ ಮಾಡಿಕೊಂಡಿದ್ದಾರೆ ಎಂದು ನನ್ನ ಪತಿ ಅಂದುಕೊಂಡಿದ್ದರು. ನಾನು ಕೇಳಿದ್ದು ಒಂದೇ: “ಅತ್ತೆ, ನಿಮ್ಮ ಮಾತ್ರೆ ಡಬ್ಬಿ ತನ್ನಿ, ಪ್ರತಿಯೊಂದು ಪಟ್ಟಿಯ ಹಿಂಭಾಗವನ್ನೂ ಕ್ಯಾಮೆರಾಕ್ಕೆ ತೋರಿಸಿ.”

ಬಿಪಿ ಮಾತ್ರೆಯ ಜೊತೆ ಎರಡು ಪಟ್ಟಿಗಳು ಸಿಕ್ಕವು. ಒಂದು ತಲೆಸುತ್ತಿಗೆ, ಅದರಲ್ಲಿ ಸಿನ್ನಾರಿಜಿನ್ ಇತ್ತು. ಇನ್ನೊಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ‘ಗ್ಯಾಸ್ ಮಾತ್ರೆ’, ಅದರಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಸೇರಿತ್ತು. ಎರಡನ್ನೂ ಯಾರೋ ಕೆಲವೇ ದಿನಕ್ಕೆಂದು ಬರೆದುಕೊಟ್ಟಿದ್ದರು. ಖಾಲಿ ಪಟ್ಟಿ ತೋರಿಸಿ ಅಂಗಡಿಯಿಂದ ತರಿಸುತ್ತ ವರ್ಷವೇ ಕಳೆದಿತ್ತು. ಈ ಎರಡೂ ಔಷಧಗಳು, ಹಾಗೆಯೇ ಮೈಗ್ರೇನಿಗೆ ಕೊಡುವ ಫ್ಲೂನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮೈಯ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಕೆಲಸ ಮಾಡುವುದನ್ನು ತಡೆಯಬಲ್ಲವು. ವಯಸ್ಸಾದವರು ಇವನ್ನು ತಿಂಗಳುಗಟ್ಟಲೆ ನುಂಗಿದರೆ ಥೇಟು ಪಾರ್ಕಿನ್ಸನ್‌ನಂತೆಯೇ ಮುಖ ಬಿಗಿದುಕೊಳ್ಳಬಹುದು, ನಡಿಗೆ ನಿಧಾನವಾಗಬಹುದು, ಬೆನ್ನು ಬಾಗಬಹುದು. ಕೈ ನಡುಗಲೇಬೇಕು ಎಂದೇನೂ ಇಲ್ಲ. ನಡುಕವಿಲ್ಲವಲ್ಲ ಎಂದು ಸುಮ್ಮನಾಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹುಬ್ಬಳ್ಳಿಯಲ್ಲಿ ನರರೋಗ ತಜ್ಞರಿಗೆ ತೋರಿಸಿದೆವು. ಅವರು ಹೆಬ್ಬೆರಳಿಗೆ ತೋರುಬೆರಳನ್ನು ಬೇಗಬೇಗ ತಟ್ಟಿಸಿದರು, ಕೈ ಹಿಡಿಯದೆ ಕುರ್ಚಿಯಿಂದ ಏಳಿಸಿದರು, ನಡೆಸಿ ತೋಳು ಬೀಸುವುದನ್ನು ನೋಡಿದರು, ಒಂದು ಸಾಲು ಬರೆಸಿದರು. ವಾಸನೆ ತಿಳಿಯುತ್ತದೆಯೇ, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುತ್ತಾರೆಯೇ ಎಂದೂ ಕೇಳಿದರು, ಏಕೆಂದರೆ ಇವೆರಡು ನಿಜವಾದ ಪಾರ್ಕಿನ್ಸನ್ ಕಡೆಗೆ ಬೆರಳು ತೋರಿಸುತ್ತವೆ. ಆ ಕಾಯಿಲೆ ಸಾಮಾನ್ಯವಾಗಿ ಒಂದು ಪಕ್ಕದಲ್ಲಿ ಶುರುವಾಗುತ್ತದೆ. ಅತ್ತೆಯವರಿಗೆ ಎರಡೂ ಕೈ ಒಂದೇ ಸಮ ನಿಧಾನವಾಗಿದ್ದವು. ಥೈರಾಯ್ಡ್ ಪರೀಕ್ಷೆ ಸರಿಯಾಗಿತ್ತು. ವೈದ್ಯರು ಆ ಎರಡು ಮಾತ್ರೆಗಳನ್ನು ನಿಲ್ಲಿಸಿದರು, ಅಷ್ಟೆ. ಕೆಲವು ವಾರಗಳಲ್ಲಿ ದನಿ ತೆರೆಯಿತು, ಮುಖ ಸಡಿಲವಾಗಲು ಮಾತ್ರ ತಿಂಗಳುಗಳೇ ಬೇಕಾದವು. ಆದರೂ ಆರು ತಿಂಗಳಿಗೆ ಮತ್ತೆ ಬರಲು ಹೇಳಿದ್ದರು. ಕೆಲವರಲ್ಲಿ ಒಳಗೇ ಅಡಗಿದ್ದ ಪಾರ್ಕಿನ್ಸನ್ ಈ ಔಷಧದಿಂದ ಬೇಗ ಹೊರಗೆ ಕಾಣಿಸಿಕೊಳ್ಳುವುದುಂಟು, ಅಂಥವರಲ್ಲಿ ಮಾತ್ರೆ ಬಿಟ್ಟರೂ ಲಕ್ಷಣಗಳು ಪೂರ್ತಿ ಹೋಗುವುದಿಲ್ಲ.

ನಿಮ್ಮ ತಂದೆಯವರಿಗೂ ಇದೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಥೈರಾಯ್ಡ್ ಕಡಿಮೆಯಾದರೂ ಮುಖ ಊದಿ ಮಂಕಾಗುತ್ತದೆ, ಖಿನ್ನತೆಯಲ್ಲೂ ನಗು ಮಾಯವಾಗುತ್ತದೆ. ಬಾಗಿದ ಬೆನ್ನಿಗೆ ಟೊಳ್ಳಾದ ಮೂಳೆ ಕಾರಣವಿರಬಹುದು. ಬೆನ್ನನ್ನು ಗೋಡೆಗೆ ತಾಗಿಸಿ ನಿಂತಾಗ ತಲೆಯ ಹಿಂಭಾಗ ಗೋಡೆಗೆ ಮುಟ್ಟುತ್ತದೆಯೇ, ದಿಂಬಿಲ್ಲದೆ ಮಲಗಿದಾಗ ಬೆನ್ನು ನೇರವಾಗುತ್ತದೆಯೇ ಎಂದು ಅಮ್ಮ ನೋಡಲಿ. ಮಲಗಿದಾಗಲೂ ನೇರವಾಗದಿದ್ದರೆ, ಅಥವಾ ಹರೆಯದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್‌ಗೂ ಹೆಚ್ಚು ಕುಗ್ಗಿದ್ದರೆ, ಬೆನ್ನುಮೂಳೆಯ ಎಕ್ಸ್‌ರೇ ಬೇಕಾಗುತ್ತದೆ. ಬೆನ್ನು ಬಾಗಿದ ಜೊತೆಗೆ ಹೊಸದಾಗಿ ತೀವ್ರ ನೋವಿದ್ದರೆ, ಬಿದ್ದಿದ್ದರೆ, ಊಟ ಮಾಡುವಾಗ ಪದೇ ಪದೇ ನೆತ್ತಿಗೇರುತ್ತಿದ್ದರೆ ಈ ವಾರವೇ ಕರೆದುಕೊಂಡು ಹೋಗಲಿ. ಪಥ್ಯವಿಲ್ಲದೆಯೂ ಆರೇಳು ತಿಂಗಳಲ್ಲಿ ತೂಕ ಇಪ್ಪತ್ತರಲ್ಲಿ ಒಂದು ಪಾಲು, ಅಂದರೆ 60 ಕೆ.ಜಿ.ಯವರಲ್ಲಿ 3 ಕೆ.ಜಿ., ಇಳಿದಿದ್ದರೂ ತಡಮಾಡಬೇಡಿ.

ಮಾತ್ರೆಯ ಪಟ್ಟಿಗಳಲ್ಲಿ ಮೇಲಿನ ಹೆಸರು ಕಂಡರೆ ಅದನ್ನು ಬರೆದ ವೈದ್ಯರಿಗೆ ಅಥವಾ ನಿಮ್ಮ ಕುಟುಂಬ ವೈದ್ಯರಿಗೆ ಅಂದೇ ಫೋನ್ ಮಾಡಿ ಕೇಳಿ. ಮಾನಸಿಕ ಕಾಯಿಲೆಯ ಔಷಧವಾಗಿದ್ದರೆ ಖಂಡಿತ ಮನೆಯಲ್ಲೇ ನಿಲ್ಲಿಸಬೇಡಿ, ಕಾಯಿಲೆ ಮರುಕಳಿಸೀತು. ಭೇಟಿಯ ದಿನ ಅಮ್ಮ ಮಾತ್ರೆಗಳ ಇಡೀ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಲಿ, ಆಯುರ್ವೇದದ ಪುಡಿ ಇದ್ದರೆ ಅದೂ ಇರಲಿ. ನೀವು ಹೋದ ವರ್ಷದ ಒಂದು ಚಿತ್ರ, ಈಗಿನ ಒಂದು ಚಿತ್ರ, ಅಪ್ಪ ಬಾಗಿಲತನಕ ನಡೆದು ತಿರುಗಿ ಬರುವ ಅರ್ಧ ನಿಮಿಷದ ವಿಡಿಯೊ ಇಷ್ಟನ್ನು ಅಮ್ಮನ ಫೋನಿಗೆ ಕಳುಹಿಸಿ. ಅಪ್ಪ ಬರುವುದಿಲ್ಲ ಎಂದು ಹಟ ಹಿಡಿದರೆ ಮುಖದ ಮಾತೇ ಎತ್ತದೆ “ಬಿಪಿ, ಶುಗರ್ ನೋಡಿಸಿ ಬಹಳ ದಿನವಾಯಿತು” ಎನ್ನಿ. ಹೇಗೂ ಅವೆರಡನ್ನೂ ಅಲ್ಲಿ ನೋಡಿಯೇ ನೋಡುತ್ತಾರೆ.