ಕ್ಯಾರಿಬ್ಯಾಗಿನೊಳಗಿನ ಹದಿನೇಳು ಸಾವಿರ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮಾರ್ಚ್ ಮೊದಲ ವಾರ ಸಿಂಧನೂರಿನ ಗಂಡ ಹೆಂಡತಿ ರಾಯಚೂರಿಗೆ ನನ್ನ ಹತ್ತಿರ ಸಲಹೆ ಕೇಳಲು ಬಂದರು. ದಿನಾ ಜಗಳ ಆಗುತ್ತಿತ್ತಂತೆ. ಆತ ಬೀಜದ ಕಂಪನಿಯೊಂದರಲ್ಲಿ ಫೀಲ್ಡ್ ಕೆಲಸದವರು. ಆಕೆ ಮಹಿಳಾ ಸಂಘದ ಸದಸ್ಯೆ. ಎರಡು ತಿಂಗಳಿಂದ ಸಂಘದ ಕಂತು ಕಟ್ಟಿಲ್ಲ, ವಾರದ ಸಭೆಯಲ್ಲಿ ತಲೆ ಎತ್ತಕ್ಕಾಗ್ತಿಲ್ಲ ಅಂತ ಆಕೆಯ ದೂರು. "ಪಗಾರ ಬಂದದ್ದು ಎಲ್ಲಿ ಹೋಗ್ತದಂತ ಕೇಳಿದ್ರ ಕಂಪನಿ ಕೆಲಸಕ್ಕ ಹಾಕೀನಿ ಅಂತಾರ್ರಿ. ಕಂಪನಿ ಕೆಲಸಕ್ಕ ನಮ್ಮ ಮನಿ ರೊಕ್ಕ ಯಾಕ್ರಿ?"

ಮೊದಲ ಅರ್ಧ ಗಂಟೆ ನಾನು ಇದನ್ನು ದಾಂಪತ್ಯದ ಸಮಸ್ಯೆ ಅಂತಲೇ ಕೇಳಿಸಿಕೊಂಡೆ. ಆಮೇಲೆ ಆತನನ್ನು ಕೇಳಿದೆ: ಮ್ಯಾನೇಜರಿಗೆ ಹೇಳಿದ್ದೀರಾ? ಹೇಳಿದ್ದೀನಿ ಅಂತ ಮೊಬೈಲ್ ತೋರಿಸಿದರು. "ಸರ್, ನಂದು ಸ್ವಲ್ಪ ಖರ್ಚು ಬಾಕಿ ಐತ್ರಿ. ತಪ್ಪು ತಿಳ್ಕೋಬ್ಯಾಡ್ರಿ, ಟೈಮ್ ಸಿಕ್ರ ನೋಡ್ರಿ." ಕೆಳಗೆ ಮ್ಯಾನೇಜರ ಉತ್ತರ: "ನೋಡೋಣ." ಅದಕ್ಕೆ ಆತ ಒಂದು ನಮಸ್ಕಾರದ ಚಿತ್ರ ಕಳಿಸಿದ್ದರು. ಮುಂದೆ ಏನೂ ಇರಲಿಲ್ಲ.

"ಮತ್ತ ಮತ್ತ ಕೇಳಾಕ ನಾಚಿಕಿ ಬರ್ತದ್ರಿ ಮೇಡಂ. ರೊಕ್ಕಕ್ಕ ಬಿದ್ದಾನ ಅಂದ್ಕೊಂತಾರ."

ನಾಚಿಕೆ ನಿಜವೇ ಇತ್ತು. ಆದರೆ ಆ ಸಂದೇಶ ಓದಿದ ಮ್ಯಾನೇಜರಾದರೂ ಏನು ಮಾಡಬೇಕಿತ್ತು? ಎಷ್ಟು, ಯಾವುದಕ್ಕೆ, ಯಾವ ತಾರೀಖಿನದು, ಒಂದೂ ಅದರಲ್ಲಿಲ್ಲ. ಅಕೌಂಟ್ಸ್ ವಿಭಾಗದವರು ಚೀಟಿ ಇಲ್ಲದೆ ದುಡ್ಡು ಬಿಟ್ಟರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರೇ. ಮೇಲಾಗಿ ಮಾರ್ಚ್ 31ಕ್ಕೆ ಹಣಕಾಸು ವರ್ಷದ ಲೆಕ್ಕ ಮುಗಿಯುತ್ತದೆ. ಆಮೇಲೆ ಬಂದ ಹಳೆಯ ಬಿಲ್ಲನ್ನು ಯಾರೂ ಖುಷಿಯಿಂದ ಮುಟ್ಟುವುದಿಲ್ಲ. ಧೈರ್ಯದ ಮಾತು ಆಮೇಲೆ ಆಡೋಣ, ಮೊದಲು ಚೀಟಿ ತನ್ನಿ, ಜೊತೆಗೆ ನೇಮಕಾತಿ ಪತ್ರವನ್ನೂ ತನ್ನಿ ಅಂದೆ.

ಮುಂದಿನ ಸಲ ಒಂದು ಕ್ಯಾರಿಬ್ಯಾಗ್ ತಂದು ಮೇಜಿನ ಮೇಲೆ ಸುರಿದರು. ಡಿಸೆಂಬರಿನಿಂದ ಫೆಬ್ರವರಿವರೆಗಿನ ಪೆಟ್ರೋಲ್ ಚೀಟಿ, ಬಸ್ ಟಿಕೆಟ್, ಶಾಮಿಯಾನದವರ ಬಿಲ್ಲು, ಬಳ್ಳಾರಿಯ ತರಬೇತಿಗೆ ಹೋದಾಗಿನ ಲಾಡ್ಜ್ ಬಿಲ್ಲು, ನಡುವೆ ಮನೆಯ ಕಿರಾಣಿ ಚೀಟಿ ಒಂದು. ಜೊತೆಗೆ ಆತನೇ ಬರೆದ ಪಟ್ಟಿ. ಮೊತ್ತ 16,680 ರೂಪಾಯಿ.

ಮೂವರೂ ಕೂತು ತಾರೀಖಿನ ಪ್ರಕಾರ ಜೋಡಿಸಿದೆವು. ಹೆಂಡತಿಯ ಕೈ ನಮ್ಮಿಬ್ಬರಿಗಿಂತ ಚುರುಕು, ಸಂಘದ ಲೆಕ್ಕ ಬರೆದು ರೂಢಿ. ಮೊದಲ ತಪ್ಪು ಕಂಡದ್ದೂ ಆಕೆಗೇ. ರೈತರನ್ನು ಕರೆದು ಹೊಲದಲ್ಲೇ ಬೆಳೆ ತೋರಿಸುವ ಕ್ಷೇತ್ರೋತ್ಸವ ಡಿಸೆಂಬರಿನಲ್ಲಿ ಆಗಿತ್ತು, ಅದರ ಶಾಮಿಯಾನ, ಕುರ್ಚಿ, ಮೈಕಿಗೆ ಕೊಟ್ಟ 2,500 ಎರಡು ಸಲ ಬಂದಿತ್ತು. ಅಂಗಡಿಯ ಬಿಲ್ಲು ಒಂದು ಸಾಲು, ಅದೇ ದುಡ್ಡು ಫೋನಿನಿಂದ ಹಾಕಿದ್ದರ ಸ್ಕ್ರೀನ್‌ಶಾಟ್ ಇನ್ನೊಂದು ಸಾಲು. ಬೇಕಂತ ಮಾಡಿದ್ದಲ್ಲ. ಆದರೆ ಅಕೌಂಟ್ಸ್‌ನವರ ಕಣ್ಣಿಗೆ ಇದು ಬಿದ್ದರೆ ಮಿಕ್ಕ ಸಾಲುಗಳನ್ನೂ ಅನುಮಾನದಿಂದಲೇ ನೋಡುತ್ತಾರೆ. ಬಿಲ್ಲಿನ ಹಿಂದೆಯೇ ಸ್ಕ್ರೀನ್‌ಶಾಟ್ ಪಿನ್ ಮಾಡಿ, ಎರಡಕ್ಕೂ ಒಂದೇ ನಂಬರ್ ಹಾಕಿಸಿದೆ.

ಪೆಟ್ರೋಲಿನದು ಇನ್ನೊಂದು ಕತೆ. ಚೀಟಿಗಳನ್ನು ಕೂಡಿಸಿ 4,100 ಬರೆದಿದ್ದರು. ಅದರಲ್ಲಿ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಮನೆಮಂದಿ ಹೋದ ಪೆಟ್ರೋಲೂ ಸೇರಿತ್ತು. ನೇಮಕಾತಿ ಪತ್ರದ ಕೊನೆಯ ಪುಟ ಓದಿದಾಗ ಗೊತ್ತಾಯಿತು, ಕಂಪನಿಗೆ ಪೆಟ್ರೋಲ್ ಚೀಟಿಯೇ ಬೇಡ. ಸ್ವಂತ ಬೈಕಿಗೆ ಕಿಲೋಮೀಟರಿಗೆ 4 ರೂಪಾಯಿ. ಆತ ಆ ಪುಟ ಓದಿರಲೇ ಇಲ್ಲ! (ಯಾರೂ ಓದುವುದಿಲ್ಲ, ನನ್ನದನ್ನು ನಾನೂ ಓದಿರಲಿಲ್ಲ.) ಓಡಾಟದ ಡೈರಿ ಇಟ್ಟಿರಲಿಲ್ಲ. ಆದರೆ ದಿನಾ ಸಂಜೆ ಆಫೀಸಿನ ವಾಟ್ಸಾಪ್ ಗುಂಪಿಗೆ ಯಾವ ಊರಿಗೆ ಹೋಗಿದ್ದೆ ಅಂತ ಫೋಟೋ ಸಮೇತ ಹಾಕುತ್ತಿದ್ದರು. ಜವಳಗೇರಾ, ತುರ್ವಿಹಾಳ ಹೀಗೆ ಒಂದೊಂದೇ ದಿನ ತೆಗೆದು, ಹೋಗಿ ಬರುವ ದೂರ ಬರೆದೆವು. 1,420 ಕಿ.ಮೀ. ಅಂದರೆ 5,680 ರೂಪಾಯಿ. ಜಾತ್ರೆ ಬಿಟ್ಟ ಮೇಲೂ ಆತ ಕೇಳಬೇಕೆಂದಿದ್ದಕ್ಕಿಂತ ಜಾಸ್ತಿಯೇ ಆಯಿತು, ಯಾಕೆಂದರೆ ಆ ದರದಲ್ಲಿ ಗಾಡಿಯ ಸವಕಳಿಯೂ ಸೇರಿರುತ್ತದೆ. ಒಂದೇ ಎಚ್ಚರ: ಕಿಲೋಮೀಟರ್ ಲೆಕ್ಕ ಹಾಕಿದ ಮೇಲೆ ಪೆಟ್ರೋಲ್ ಚೀಟಿ ಲಗತ್ತಿಸಬಾರದು. ಎರಡೂ ಇಟ್ಟರೆ ಎರಡು ಸಲ ಕೇಳಿದಂತಾಗುತ್ತದೆ.

ಬಸ್ ಟಿಕೆಟ್ ಆರು. ರಾಯಚೂರಿನ ಮೀಟಿಂಗಿಗೆ ಮೂರು ಸಲ ಬಂದು ಹೋದದ್ದು. ಅವುಗಳಲ್ಲಿ ಎರಡು ಬರೀ ಬಿಳಿ ಕಾಗದ. ಕಂಡಕ್ಟರ್ ಮಷೀನಿನ ಟಿಕೆಟ್, ಪೆಟ್ರೋಲ್ ಬಂಕಿನ ಚೀಟಿ ಶಾಯಿಯಲ್ಲಿ ಅಚ್ಚಾದವಲ್ಲ, ಬಿಸಿ ತಾಗಿದರೆ ಕಪ್ಪಾಗುವ ಕಾಗದದ ಮೇಲೆ ಮೂಡಿದವು. ನಮ್ಮ ಕಡೆಯ ಬಿಸಿಲಲ್ಲಿ ಬೈಕಿನ ಬಾಕ್ಸಿನೊಳಗೆ ತಿಂಗಳುಗಟ್ಟಲೆ ಬಿದ್ದರೆ ಅಕ್ಷರ ಉಳಿಯುವುದಿಲ್ಲ. ತೆಗೆದುಕೊಂಡ ಕೂಡಲೇ ಫೋಟೋ ಹೊಡೆದುಕೊಳ್ಳಬೇಕು, ವಾರಕ್ಕೊಮ್ಮೆ ಜೆರಾಕ್ಸ್ ಮಾಡಿಸಬೇಕು. ಹೆಣ್ಣುಮಕ್ಕಳಿಗೆ ಇದೇ ಸಂದರ್ಭದಲ್ಲಿ ಇನ್ನೊಂದು ಮಾತು ಹೇಳುತ್ತಿರುತ್ತೇನೆ. 2023ರ ಶಕ್ತಿ ಯೋಜನೆಯ ಶೂನ್ಯ ಟಿಕೆಟನ್ನು ಎಸೆಯಬೇಡಿ. ದುಡ್ಡು ಕೇಳಲು ಬರುವುದಿಲ್ಲ, ಆದರೆ ಆ ದಿನ ಆ ಊರಿಗೆ ಹೋಗಿದ್ದಿರಿ ಅನ್ನುವುದಕ್ಕೆ ಅದೇ ಸಾಕ್ಷಿ.

ಫೆಬ್ರವರಿಯ ಕ್ಷೇತ್ರೋತ್ಸವದಲ್ಲಿ ಮಂಡಕ್ಕಿ, ಮಿರ್ಚಿ, ಚಹಾ ಕೊಟ್ಟವರ ಹತ್ತಿರ ಬಿಲ್ ಬುಕ್ ಇಲ್ಲ. 1,640 ರೂಪಾಯಿ. "ಯಾವುದಾರ ಹೋಟೆಲಿಂದ ಖಾಲಿ ಬಿಲ್ ತಂದು ಬರೀಲೇನ್ರಿ?" ಅಂತ ಆತ ಕೇಳಿದರು. ಬೇಡ ಅಂದೆ. ಅದು ಸುಳ್ಳು ದಾಖಲೆ. ಸಿಕ್ಕಿಬಿದ್ದರೆ ಕೆಲಸವೇ ಹೋಗುತ್ತದೆ. ಬದಲಿಗೆ ಉಳ್ಳದ್ದನ್ನೇ ಬರೆಸಿದೆ: ತಾರೀಖು, ಊರು, ಎಷ್ಟು ಜನ ರೈತರು, ಮಾರುವವರು ಬಿಲ್ ಕೊಡುವುದಿಲ್ಲ, ಫೋನಿನಿಂದ ಪಾವತಿ. ಕೆಳಗೆ ಆತನ ಸಹಿ. ಪಾವತಿಯ ಸ್ಕ್ರೀನ್‌ಶಾಟ್ ಮತ್ತು ರೈತರು ಸಹಿ ಹಾಕಿದ ಹಾಜರಿ ಹಾಳೆ ಅದರ ಹಿಂದೆ.

ಪತ್ರ ಬರೆಯುವಾಗ ಆತ ಮತ್ತೆ ಕ್ಷಮೆಯಿಂದಲೇ ಶುರು ಮಾಡಿದರು. ಹೊಡೆದು ಹಾಕಿಸಿ, ಮೊತ್ತ ಮತ್ತು ಅವಧಿಯನ್ನು ಮೊದಲ ಸಾಲಿಗೆ ತಂದೆ. ಕೊನೆಗೆ ಕಳಿಸಿದ್ದು ಇದು:

"ಸರ್, ಡಿಸೆಂಬರಿನಿಂದ ಫೆಬ್ರವರಿವರೆಗೆ ಕಂಪನಿ ಕೆಲಸಕ್ಕೆ ನಾನು ಖರ್ಚು ಮಾಡಿದ 15,760 ರೂ. ಮರುಪಾವತಿಗೆ ಕೋರುತ್ತೇನೆ.
ಬೈಕ್ ಓಡಾಟ, 1,420 ಕಿ.ಮೀ. × 4 ರೂ.: 5,680
ಎರಡು ಕ್ಷೇತ್ರೋತ್ಸವ, ಶಾಮಿಯಾನ ಇತ್ಯಾದಿ (2,500 + 2,200): 4,700
ಅವೇ ಎರಡರ ಚಹಾ, ತಿಂಡಿ (1,850 + 1,640): 3,490
ರಾಯಚೂರು ಮೀಟಿಂಗ್, ಬಸ್ (115 ರೂ. × 6): 690
ಬಳ್ಳಾರಿ ತರಬೇತಿ, ಲಾಡ್ಜ್ ಒಂದು ರಾತ್ರಿ: 1,200
ಚೀಟಿಗಳನ್ನು ಇದೇ ಕ್ರಮದಲ್ಲಿ ನಂಬರ್ ಹಾಕಿ ಲಗತ್ತಿಸಿದ್ದೇನೆ. 1,640 ರೂ.ಗೆ ಬಿಲ್ ಇಲ್ಲ, ಸ್ವಂತ ಹೇಳಿಕೆ ಇದೆ. ಎರಡು ಬಸ್ ಟಿಕೆಟ್ ಅಳಿಸಿಹೋಗಿವೆ. ಮಾರ್ಚ್ 31ರೊಳಗೆ ಮಂಜೂರು ಮಾಡಲು ವಿನಂತಿ."

ಇಲ್ಲದ್ದನ್ನು ನಾವೇ ಯಾಕ್ರಿ ಹೇಳಬೇಕು ಅಂತ ಹೆಂಡತಿ ಕೇಳಿದರು. ಅವರು ಹುಡುಕಿ ತೆಗೆದರೆ ಇಡೀ ಕಡತ ವಾಪಸ್ ಬರುತ್ತದೆ, ನಾವೇ ಹೇಳಿದರೆ ಆ ಸಾಲು ಮಾತ್ರ ನಿಲ್ಲುತ್ತದೆ ಅಂದೆ. ಆಕೆಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಪತ್ರವನ್ನು ಮ್ಯಾನೇಜರಿಗೆ ಇಮೇಲ್ ಮಾಡಿ, ಅಕೌಂಟ್ಸ್‌ಗೆ ಪ್ರತಿ ಹಾಕಿ, ಮೂಲ ಚೀಟಿಗಳನ್ನು ಕೈಯಾರೆ ಕೊಟ್ಟು ಜೆರಾಕ್ಸಿನ ಮೇಲೆ ತಲುಪಿದ ಸಹಿ ಪಡೆದು ಬನ್ನಿ ಅಂತ ಹೇಳಿ ಕಳಿಸಿದೆ.

ಮಾರ್ಚ್ ಕೊನೆಗೆ 15,180 ಜಮಾ ಆಯಿತು. ಕಡಿತ 580. ಅಳಿಸಿದ ಎರಡು ಟಿಕೆಟಿನ 230 ಹೋಯಿತು. ಒಂದು ಕ್ಷೇತ್ರೋತ್ಸವಕ್ಕೆ 4,000 ಮಿತಿ ಇತ್ತು, ಡಿಸೆಂಬರಿನದು 4,350 ಆಗಿತ್ತು, ಅಲ್ಲಿ 350 ಹೋಯಿತು. ಬಿಲ್ಲಿಲ್ಲದ ಮಿರ್ಚಿಯ ದುಡ್ಡು ಮಾತ್ರ ಪೂರ್ತಿ ಬಂತು. 350ಕ್ಕೆ ಮೊದಲೇ ಅನುಮತಿ ಕೇಳಿದ್ದರೆ ಕೊಡುತ್ತಿದ್ದೆ ಅಂತ ಮ್ಯಾನೇಜರ್ ಅಂದರಂತೆ.

ಮೇ ತಿಂಗಳಲ್ಲಿ ಆತ ಒಬ್ಬರೇ ಬಂದಿದ್ದರು. ಏಪ್ರಿಲ್ ಪಟ್ಟಿ 2,940 ರೂಪಾಯಿಯದು, ಮೂರನೇ ತಾರೀಖೇ ಕಳಿಸಿಯಾಗಿತ್ತು. ಅಕ್ಷರ ಹೆಂಡತಿಯದು. ಆಕೆ ಯಾಕೆ ಬರಲಿಲ್ಲ ಅಂದೆ. ಸಂಘದ ಸಭೆ ಇತ್ತಂತೆ.