ಗೇಮ್ ಆಡೋಕೆ ಟ್ಯಾಬ್ಲೆಟ್ ಯಾವಾಗ ಬೇಕು, ಫೋನ್ ಯಾವಾಗ ಸಾಕು?

ಪ್ರಶ್ನೆ: ಸ್ಟ್ರಾಟಜಿ, ಶೂಟರ್ ಎರಡೂ ಫೋನಲ್ಲೇ ಆಡ್ತೀನಿ. ಟ್ಯಾಬ್ಲೆಟ್ ತಗೊಂಡ್ರೆ ನಿಜವಾಗ್ಲೂ ಉಪಯೋಗ ಆಗುತ್ತಾ? ಟಚ್‌ಗೆ ಯಾವ ಥರದ ಗೇಮ್ ಸರಿ?

ಸ್ಟ್ರಾಟಜಿ ಜಾಸ್ತಿ ಆಡುವವರಾದರೆ ಖಂಡಿತ ಆಗುತ್ತದೆ. ಬರೀ ಶೂಟರ್ ಆದರೆ ನಾನು ಫೋನನ್ನೇ ಆರಿಸುತ್ತೇನೆ.

ಸ್ಟ್ರಾಟಜಿ ಗೇಮ್ ನೋಡುವಾಗ ನಾನು ಮೊದಲು ಗಮನಿಸುವುದು, ಪದೇ ಪದೇ ಮುಟ್ಟಬೇಕಾದ ಅತಿ ಚಿಕ್ಕ ಜಾಗ ಎಷ್ಟು ದೊಡ್ಡದಿದೆ ಅಂತ. ಅದು ಸುಮಾರು 7 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಬೆರಳು ಪಕ್ಕದ್ದನ್ನೂ ಒತ್ತಿಬಿಡುತ್ತದೆ. ಉದಾಹರಣೆಗೆ, ಪಾಲಿಟೋಪಿಯಾವನ್ನು ಫೋನ್ ಮನಸ್ಸಲ್ಲಿಟ್ಟೇ ಮಾಡಿದ್ದಾರೆ. ಮ್ಯಾಪ್ ಚಿಕ್ಕದು, ಚೌಕಗಳು ದೊಡ್ಡವು, ಒಂದು ಟ್ಯಾಪ್‌ಗೆ ಒಂದು ಕೆಲಸ. ಸಿವಿಲೈಸೇಶನ್ 6 ಹಾಗಲ್ಲ. ಅದು ಕಂಪ್ಯೂಟರ್‌ನಿಂದ ಬಂದ ಗೇಮ್. ಅಲ್ಲಿ ಮೌಸ್ ಇಟ್ಟರೆ ಸಾಕು, ಆ ಜಾಗದ ವಿವರ ಕಾಣುತ್ತದೆ. ಬೆರಳಿಗೆ ಆ ಸೌಲಭ್ಯ ಇಲ್ಲ, ಮುಟ್ಟಿಯೇ ನೋಡಬೇಕು. ಫೋನಲ್ಲಿ ಪ್ರತಿ ಸಲ ಝೂಮ್ ಮಾಡಿ, ಓದಿ, ಮತ್ತೆ ಹಿಂದೆ ಬರಬೇಕು. ಅಷ್ಟರಲ್ಲಿ ಅಂದುಕೊಂಡ ಪ್ಲಾನ್ ಮರೆತೇ ಹೋಗುತ್ತದೆ. ಇಂಥ ಗೇಮ್‌ಗೆ ಟ್ಯಾಬ್ಲೆಟ್ ಬೇಕೇ ಬೇಕು. ಎಫ್‌ಟಿಎಲ್ ಅನ್ನುವ ಬಾಹ್ಯಾಕಾಶ ನೌಕೆಯ ಗೇಮಂತೂ 2014ರಲ್ಲಿ ಐಪ್ಯಾಡ್‌ಗೆ ಬಂತು, ಐಫೋನ್‌ಗೆ ಬರಲೇ ಇಲ್ಲ. ಒಂದೇ ಪರದೆಯಲ್ಲಿ ಅಷ್ಟೊಂದು ಕೋಣೆ, ಬಟನ್ ಇರುವಾಗ ಅದು ಸರಿಯೇ ಅನಿಸುತ್ತದೆ.

ಶೂಟರ್‌ನಲ್ಲಿ ಚಿಕ್ಕ ಬಟನ್ ಅಷ್ಟು ದೊಡ್ಡ ತೊಂದರೆ ಅಲ್ಲ. ಬಟನ್ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಅಂತ ಒಳ್ಳೆಯ ಗೇಮ್‌ಗಳು ನಿಮಗೇ ಬಿಡುತ್ತವೆ. ಅದು ಇಲ್ಲದ ಶೂಟರನ್ನು ನಾನು ಆಡುವುದೇ ಇಲ್ಲ. ತೊಂದರೆ ಇರುವುದು ಹೆಬ್ಬೆರಳಲ್ಲಿ. ಓಡುವುದು ಎಡದ್ದು, ಗುರಿ ಇಡುವುದು, ಗುಂಡು ಹಾರಿಸುವುದು ಎರಡೂ ಬಲದ್ದೇ. ಹಾರಿಸಲು ಬೆರಳು ಎತ್ತಿದ ಕೂಡಲೇ ಗುರಿ ನಿಂತುಬಿಡುತ್ತದೆ.

ಇದಕ್ಕೆ ಜೈರೋಸ್ಕೋಪ್ ಒಳ್ಳೆಯ ಪರಿಹಾರ. ಪಬ್ಜಿ ಮೊಬೈಲ್‌ನ ಸೆಟ್ಟಿಂಗ್ಸಲ್ಲಿ ಅದನ್ನು Scope On ಮಾಡಿ. ಸ್ಕೋಪ್ ತೆರೆದಾಗ ಮಾತ್ರ, ಫೋನನ್ನು ಸ್ವಲ್ಪ ವಾಲಿಸಿದರೆ ಗುರಿ ಸರಿಯುತ್ತದೆ. ದೊಡ್ಡ ತಿರುವಿಗೆ ಹೆಬ್ಬೆರಳು, ಸಣ್ಣ ತಿದ್ದುಪಡಿಗೆ ಮಣಿಕಟ್ಟು. ಗುರಿ ಸುಮ್ನೆ ನಡುಗುತ್ತಿದ್ದರೆ ಜೈರೋ ಸೆನ್ಸಿಟಿವಿಟಿ ಜಾಸ್ತಿಯಾಗಿದೆ ಅಂತ ಅರ್ಥ, ಇಳಿಸಿ. 200 ಗ್ರಾಂ ಫೋನನ್ನು ಹೀಗೆ ವಾಲಿಸುವುದು ಸುಲಭ. ಅರ್ಧ ಕೆಜಿ ಟ್ಯಾಬ್ಲೆಟನ್ನು ಒಂದು ಇಡೀ ಮ್ಯಾಚ್ ಹೀಗೆ ಹಿಡಿದರೆ ಕೈ ನೋಯುತ್ತದೆ, ಹೆಬ್ಬೆರಳು ಪರದೆಯ ಮಧ್ಯಕ್ಕೂ ಮುಟ್ಟುವುದಿಲ್ಲ.

ಆದರೂ ಶೂಟರ್‌ಗೆ ಟ್ಯಾಬ್ಲೆಟ್ ಇಷ್ಟಪಡುವವರಿದ್ದಾರೆ, ಅದಕ್ಕೆ ಕಾರಣವೂ ಇದೆ. ಪಬ್ಜಿಯಲ್ಲಿ ಐಪ್ಯಾಡ್‌ನ ಹೆಚ್ಚುಕಡಿಮೆ ಚೌಕಾಕಾರದ ಪರದೆ ಆಟದ ದೃಶ್ಯವನ್ನು ಮೇಲೂ ಕೆಳಗೂ ಜಾಸ್ತಿ ತೋರಿಸುತ್ತದೆ, ದೂರದ ಶತ್ರುವೂ ದೊಡ್ಡದಾಗಿ ಕಾಣುತ್ತಾನೆ. ಅದನ್ನು ಮೇಜಿನ ಮೇಲಿಟ್ಟು ನಾಲ್ಕು ಬೆರಳಲ್ಲಿ ಆಡುವ ಅಭ್ಯಾಸ ಇದ್ದರೆ, ಎಡ ತೋರುಬೆರಳಿಗೆ ಫೈರ್ ಬಟನ್ ಕೊಡಿ. ಆಗ ಬಲ ಹೆಬ್ಬೆರಳು ಗುರಿ ಬಿಡಬೇಕಾಗಿಲ್ಲ. ಮೇಜಿನ ಮೇಲೆ ಜೈರೋ ಮಾತ್ರ ಸಿಗುವುದಿಲ್ಲ, ಗುಂಡು ಹಾರಿಸಿದಾಗ ಗನ್ ಮೇಲಕ್ಕೆ ಒದೆಯುವ ರೀಕಾಯಿಲನ್ನೆಲ್ಲ ಬೆರಳಲ್ಲೇ ಕೆಳಗೆಳೆದು ಹಿಡಿಯಬೇಕು.